ಎರಡೂವರೆ ಕೆಜಿಯ ಕಂಬಳಿ

ಕೆಳಗಿನ ಮನೆ ಖಾಲಿಯಾಗಿದೆ. ಸುಣ್ಣ ಹೊಡೆಸಿ ಬೇರೆಯವರಿಗೆ ಬಾಡಿಗೆಗೆ ಕೊಡೋಣ ಎಂದು ನಮ್ಮ ಮನೆಯವರು ಹೇಳುತ್ತಲೇ ಇದ್ದಾರೆ, ನಾನು ‘ಆಮೇಲೆ ನೋಡೋಣ’ ಎನ್ನುತ್ತಲೇ ಇದ್ದೇನೆ. ಆ ಮನೆಯ ನಡುಕೋಣೆಯ ಚಾವಣಿಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಒಂದಿದೆ. ನನ್ನ ಮಗಳ ತೊಟ್ಟಿಲು ಅಲ್ಲಿ ತೂಗಿದ್ದು. ಹಳೆಯ ಕಬ್ಬಿಣವಾದರೂ ಅದರ ಒಳಬದಿ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತದೆ. ತೊಟ್ಟಿಲಿನಿಂದ ಬಂದ ಹೊಳಪಲ್ಲ ಅದು. ಅಲ್ಲಿ ಬಾಡಿಗೆಗಿದ್ದವರ ತಕ್ಕಡಿಯಿಂದ ಬಂದದ್ದು.

ಅವರ ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಗಂಡನ ಹೆಸರು ಎತ್ತುತ್ತಿರಲಿಲ್ಲ, ‘ನಮ್ಮನೆಯವ್ರು’ ಎನ್ನುತ್ತಿದ್ದಳು. ಕೇಳಿ ಕೇಳಿ ನನಗೂ ಹೆಸರು ಬಾಯಿಗೆ ಬರುವುದಿಲ್ಲ.

ತಾಳಗುಂದದ ಕಡೆ ಕುರಿ ಸಾಕುವ ಮನೆತನ ಅವರದು. ಅಣ್ಣ ಈಗಲೂ ಕುರಿ ಇಟ್ಟುಕೊಂಡು, ಒಂದಿಷ್ಟು ಮೆಕ್ಕೆಜೋಳ ಬೆಳೆಯುತ್ತಾರೆ. ಇವರು ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೋದ ಮೇಲೆ ಹೆಂಡತಿಯನ್ನೂ ಮಗಳನ್ನೂ ಶಿರಾಳಕೊಪ್ಪಕ್ಕೆ ತಂದು, ಶಾಲೆಗೆ ಹತ್ತಿರವಾಗುತ್ತದೆಂದು ನಮ್ಮ ಕೆಳಗಿನ ಮನೆಯಲ್ಲಿ ಇರಿಸಿದರು. ಎರಡು ವರ್ಷಕ್ಕೊಮ್ಮೆ ರಜೆಗೆ ಬರುವರು. ಎತ್ತರದ ಕಟ್ಟಡಗಳಿಗೆ ಕಬ್ಬಿಣದ ಕೊಳವೆಯ ಅಟ್ಟಣಿಗೆ ಕಟ್ಟುವುದು ಅವರ ಕೆಲಸ.

“ಕಟ್ಟಡ ಎದ್ದ ಮ್ಯಾಲೆ ನಾವು ಕಟ್ಟಿದ್ದು ಬಿಚ್ಚಿ ಹಾಕ್ತೀವಿ ಅಕ್ಕಾರೆ. ಅಷ್ಟು ವರ್ಷ ದುಡಿದೆ, ಇದು ನಾ ಮಾಡಿದ್ದು ಅಂತ ತೋರ್ಸಕ್ಕೆ ಅಲ್ಲಿ ಒಂದು ಗೂಟನೂ ಇಲ್ಲ ನೋಡ್ರಿ,” ಎಂದು ಒಮ್ಮೆ ನಗುತ್ತಾ ಹೇಳಿದ್ದರು. ನಗುವಾಗ ಅವರು ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವರು. ಮುಂದಿನ ಹಲ್ಲೊಂದು ಮುರಿದಿತ್ತು. ಅಂಗೈ ತುಂಬ ಕೊಳವೆ ಉಜ್ಜಿದ ಗುರುತು, ಚರ್ಮ ರಟ್ಟಿನಂತಾಗಿತ್ತು.

ಏನು ಕಂಡರೂ ಎತ್ತಿ ನೋಡುವ ಅಭ್ಯಾಸ. ನಾನು ಸಂತೆಯಿಂದ ಬಂದು ಚೀಲ ಇಳಿಸಿದರೆ ಒಂದು ಕೈಯಲ್ಲಿ ಎತ್ತಿ, ‘ನಾಲ್ಕೂವರೆ’ ಎನ್ನುವರು. ಕುರಿಮರಿ ಎತ್ತಿ ಬೆಳೆದ ಕೈ. ಆದರೂ ಕೈಯನ್ನು ನಂಬುತ್ತಿರಲಿಲ್ಲ. “ಕೈ ಸುಳ್ಳು ಹೇಳ್ತದೆ. ಒಯ್ಬೇಕು ಅನ್ನೋದು ಹಗುರ ಅನ್ನಿಸ್ತದೆ, ಬ್ಯಾಡ ಅನ್ನೋದು ಭಾರ.” ಅದಕ್ಕೇ ಒಂದು ಸ್ಪ್ರಿಂಗ್ ತಕ್ಕಡಿ ಕೊಂಡಿದ್ದರು, ಕೆಳಗೆ ಕೊಕ್ಕೆ, ಮೇಲೆ ಬಳೆ, ನಡುವೆ ಮುಳ್ಳು. ಕೊಂಡಿಗೆ ಬಳೆ ಸಿಕ್ಕಿಸಿ, ಕೊಕ್ಕೆಗೆ ಬ್ಯಾಗು ನೇತುಹಾಕಿ, ಅದು ಅಲ್ಲಾಡುವುದು ನಿಲ್ಲುವವರೆಗೂ ಉಸಿರು ಹಿಡಿದು ನಿಲ್ಲುವರು. ಸ್ಟೂಲು ಹತ್ತಿ ಮುಳ್ಳಿಗೆ ಕಣ್ಣು ಸಮಮಾಡಿ ನೋಡುವರು. ಓರೆಯಿಂದ ನೋಡಿದರೆ ಅರ್ಧ ಕೆಜಿ ಹೆಚ್ಚುಕಡಿಮೆ ಕಾಣುತ್ತದೆಯಂತೆ. ಹೊರಡುವಾಗ ತಕ್ಕಡಿಯನ್ನು ನನ್ನ ಕೈಗೆ ಕೊಟ್ಟು ಹೋಗುವರು. ಒಯ್ಯಬಾರದೇ, ಅಲ್ಲಿಂದ ಬರುವಾಗಲೂ ಬೇಕಲ್ಲ ಎಂದರೆ, “ತಕ್ಕಡಿನೂ ತೂಗ್ತದಲ್ಲ ಅಕ್ಕಾರೆ,” ಎಂದಿದ್ದರು.

ನಮ್ಮ ಕಡೆ ಒಂದು ರೂಢಿ ಇದೆ. ಯಾರಾದರೂ ಕೊಲ್ಲಿಗೆ ಹೊರಟರೆಂದರೆ, ಅಲ್ಲಿ ಮಗನೋ ಗಂಡನೋ ಇರುವ ಮನೆಗಳಿಂದೆಲ್ಲ ಗಂಟು ಬರುತ್ತವೆ. ಚಟ್ನಿಪುಡಿ, ಖಡಕ್ ರೊಟ್ಟಿ, ಉಂಡೆ, ತಲೆಗೆ ಹಚ್ಚುವ ಎಣ್ಣೆ. ‘ಅಣ್ಣಾ, ಸ್ವಲ್ಪನೇ’ ಎಂದು ಕೊಡುತ್ತಾರೆ. ಒಲ್ಲೆ ಎನ್ನುವ ಹಾಗಿಲ್ಲ. ಮುಂದೆ ಆ ಮನೆಯವರು ಬರುವಾಗ ಇವರ ಗಂಟು ತರಬೇಕಲ್ಲ.

ಇವರು ಒಲ್ಲೆ ಎನ್ನುತ್ತಿರಲಿಲ್ಲ, ಬಿಚ್ಚದೆ ಒಯ್ಯುತ್ತಿರಲಿಲ್ಲ ಅಷ್ಟೆ. ಕೊಟ್ಟವರ ಎದುರಿಗೇ ಗಂಟು ಬಿಚ್ಚಿ, ಉಂಡೆಯೊಂದನ್ನು ಒಡೆದು ನೋಡುವರು. ಒಮ್ಮೆ ಶಿಕಾರಿಪುರದಿಂದ ಬಂದ ಹೆಂಗಸೊಬ್ಬರು ಅತ್ರಾಸ ತಂದಿದ್ದರು, ಮೇಲೆಲ್ಲ ಬಿಳಿ ಗಸಗಸೆ ಒತ್ತಿ ಕರಿದ ಚಂದದ ಅತ್ರಾಸ. ಇವರು ಒಂದೊಂದನ್ನೂ ತಿರುಗಿಸಿ ನೋಡಿ ವಾಪಸು ಸರಿಸಿದರು.

“ಯಾಕೆ, ನಮ್ಮ ಮ್ಯಾಲೆ ನಂಬಿಕೆ ಇಲ್ಲೇನು?”

“ನಿಮ್ಮ ಮ್ಯಾಲೆ ಐತ್ರಿ. ನಿಮ್ಮ ಗಸಗಸೆ ಮ್ಯಾಲೆ ಇಲ್ಲ.”

ನಮಗೆ ಅದು ಪಾಯಸದ ಸಾಮಾನು, ಅಲ್ಲಿ ಅಫೀಮಿನ ಬೀಜ. ವಿಮಾನ ನಿಲ್ದಾಣದಲ್ಲಿ ಒಂದು ಚಿಟಿಕೆ ಸಿಕ್ಕರೂ ಜೈಲು. ಆ ಹೆಂಗಸು ನಂಬಲೇ ಇಲ್ಲ, ಸೆರಗು ಕೊಡವಿ ಎದ್ದು ಹೋದರು. ಕೊಬ್ಬರಿ ಗಿಟುಕನ್ನೂ ಇವರು ಒಯ್ಯುತ್ತಿರಲಿಲ್ಲ. ಅದರ ಎಣ್ಣೆಗೆ ಬಿಸಿ ತಾಗಿ ಹೊತ್ತಿಕೊಳ್ಳಬಹುದೆಂದು ವಿಮಾನದವರು ತೆಗೆದು ಹಾಕುತ್ತಾರೆ. ಬಿಚ್ಚಿದ ಗಂಟುಗಳನ್ನು ಮತ್ತೆ ಹೊಲಿದು ಕೊಡುವುದು ನನ್ನ ಪಾಲಿನ ಕೆಲಸ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಿಮ್ಮುಖ ಹೊಲಿಗೆ, ಎರಡೆಳೆ ದಾರ. “ಅಕ್ಕಾರ ಹೊಲಿಗೆ ಕಸ್ಟಮ್ಸ್‌ನೋರಿಗೂ ಬಿಚ್ಚಕ್ಕೆ ಬರಲ್ಲ,” ಎನ್ನುವರು. ಕಾನ್ವೆಂಟಿನ ವಿದ್ಯೆ ನನ್ನಿಂದ ಇನ್ನೊಂದು ಕಡೆಗೂ ಖರ್ಚಾಗುತ್ತಿತ್ತು, ಇಂಗ್ಲಿಷಿನ ಟಿಕೆಟ್ ಓದಿ ಹೇಳುವುದಕ್ಕೆ.

ಒಂದು ಸಲ ರಜೆಗೆ ಬಂದಾಗ ಮಗಳಿಗೆಂದು ಏನನ್ನೂ ತಂದಿರಲಿಲ್ಲ. ಬ್ಯಾಗಿನಿಂದ ಯಾರದೋ ಹಳೆಯ ಪ್ಯಾಂಟು, ಕನ್ನಡಕ, ಮಡಚಿದ ಪ್ರಾರ್ಥನೆಯ ಚಾಪೆ, ಒಂದು ಆಟದ ಬಸ್ಸು ಹೊರಬಂದವು. ಅವರ ಕೋಣೆಯಲ್ಲಿದ್ದ ಬೇರೆ ರಾಜ್ಯದವನೊಬ್ಬ ತೀರಿಹೋಗಿದ್ದನಂತೆ. ಹೆಣ ಸರಕಿನ ವಿಮಾನದಲ್ಲಿ ಹೋಯಿತು, ಅವನ ಸಾಮಾನು ಉಳಿಯಿತು. ತಾವು ಕೊಂಡದ್ದನ್ನೆಲ್ಲ ಅಲ್ಲೇ ಬಿಟ್ಟು ಅವನದನ್ನು ತುಂಬಿಕೊಂಡು ಬಂದಿದ್ದರು. ಮಾರನೆಯ ದಿನವೇ ರೈಲು ಹತ್ತಿ ಆ ಮನೆಗೆ ಮುಟ್ಟಿಸಿ ಬಂದರು.

“ಹೆಣನೂ ತೂಕ ಹಾಕ್ತಾರೆ ಅಕ್ಕಾರೆ. ಪೆಟ್ಟಿಗೆ ಸಮೇತ ಕಾಟಾದ ಮ್ಯಾಲೆ ಇಡ್ತಾರೆ,” ಎಂದರು ಚಹಾ ಕುಡಿಯುತ್ತಾ. ಅವರು ಅದನ್ನು ಹೊಸ ಸಂಗತಿಯೆಂಬಂತೆ ಹೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕೈ ಮಾತ್ರ ತಟ್ಟೆಯ ಅಂಚಿನಲ್ಲೇ ನಿಂತುಬಿಟ್ಟಿತು. ಅವತ್ತಿನಿಂದ ಅವಳು ಕಂಬಳಿಯ ಮಾತು ಎತ್ತಲು ಶುರುಮಾಡಿದಳು.

ಅವರದೊಂದು ಕರಿ ಕಂಬಳಿ ಇತ್ತು. ಅವರ ಮನೆಯ ಕುರಿಯ ಉಣ್ಣೆಯದೇ, ಅಂಚಿಗೆ ಬಿಳಿ ಗೆರೆ. ಆ ಮನೆತನದಲ್ಲಿ ಮಗು ಹುಟ್ಟಿದರೆ ಮೊದಲು ಮಲಗಿಸುವುದು ಕಂಬಳಿಯ ಮೇಲೆ, ಮದುವೆಯ ಅಕ್ಕಿ ಬೀಳುವುದು ಕಂಬಳಿಯ ಮೇಲೆ, ಕೊನೆಗೆ ಹೊದಿಸುವುದೂ ಕಂಬಳಿಯೇ. ಆದರೆ ಅವಳು ಹೇಳುತ್ತಿದ್ದದ್ದು ಇಷ್ಟೇ: “ಕ್ಯಾಂಪಿನಾಗೆ ಎಸಿ ಚಳಿ ಅಂತೀರಿ. ಕಂಬಳಿ ಒಯ್ರಿ.”

ಕಡೆಯ ಸಲ ರಜೆಗೆ ಬಂದಾಗ ಅವರು ಚೆನ್ನಾಗಿರಲಿಲ್ಲ. ಅಣ್ಣನ ಹೊಲದಲ್ಲಿ ಮೆಕ್ಕೆಜೋಳದ ಚೀಲ ಎತ್ತಲು ಹೋಗಿ ಬದುವಿನ ಮೇಲೆ ಕುಸಿದು ಕೂತರಂತೆ. ಎಡಗೈ ಜೋಮು. ಶಿಕಾರಿಪುರದ ಡಾಕ್ಟರು ಶಿವಮೊಗ್ಗಕ್ಕೆ ಕಳಿಸಿದರು, ಅಲ್ಲಿಯವರು ಮಾತ್ರೆ ಬರೆದು, ಇನ್ನೊಂದು ಪರೀಕ್ಷೆಗೆ ಮತ್ತೆ ಬನ್ನಿ ಎಂದರು. ಮತ್ತೆ ಹೋಗುವುದಕ್ಕೆ ರಜೆ ಉಳಿದಿರಲಿಲ್ಲ. ಹೇಳಿದ ದಿನಕ್ಕೆ ಕೆಲಸಕ್ಕೆ ಹಾಜರಾಗದಿದ್ದರೆ ವೀಸಾ ರದ್ದು ಮಾಡುತ್ತೇವೆಂದು ಕಂಪನಿಯವರು ಹೇಳಿದ್ದರು. ‘ಮುಂದಿನ ಸಲ ಬಂದಾಗ ಮಾಡಿಸ್ತೀನಿ’ ಎಂದರು.

ಹೊರಡುವ ಹಿಂದಿನ ಸಂಜೆಯವರೆಗೂ ಟಿಕೆಟ್ ಬಂದಿರಲಿಲ್ಲ. ಬಂದಾಗ ಫೋನು ಹಿಡಿದು ಮೇಲೆ ಬಂದರು. ನಾನು ಓದಿದೆ. ಪ್ರತಿಸಲ ಮೂವತ್ತು ಕೆಜಿ ಇರುತ್ತಿತ್ತು. ಈ ಸಲ ಕಂಪನಿಯವರು ಅಗ್ಗದ ಟಿಕೆಟ್ ತೆಗೆದಿದ್ದರು. ಒಂದೇ ಬ್ಯಾಗು, ಇಪ್ಪತ್ತು ಕೆಜಿ. ನಾನು ಎರಡು ಸಲ ಓದಿದೆ.

“ಇಪ್ಪತ್ತೇ ಏನ್ರೀ?” ಎಂದು ಕೇಳಿ ಕೆಳಗಿಳಿದು ಹೋದರು.

ರಾತ್ರಿ ಊಟವಾಗುವವರೆಗೂ ಗಂಟುಗಳು ಬರುತ್ತಲೇ ಇದ್ದವು. ಕೊನೆಗೆ ಸೊರಬದ ಕಡೆಯ ಅಜ್ಜಿಯೊಬ್ಬಳು ಕೊನೆಯ ಬಸ್ಸಿಗೆ ಬಂದಿಳಿದಳು. ಅವಳ ಮೊಮ್ಮಗ ಇವರ ಕ್ಯಾಂಪಿನಲ್ಲೇ ಇದ್ದ. ತಂದಿದ್ದು ಒಂದು ಗಾಜಿನ ಭರಣಿ ತುಂಬ ಮಿಡಿ ಉಪ್ಪಿನಕಾಯಿ.

“ತಮಾ, ಇದೊಂದು ಕಣೋ. ಅಂವಂಗೆ ಇದಿಲ್ದೆ ಗಂಟಲಾಗೆ ಅನ್ನ ಇಳಿಯದಿಲ್ಲ.”

“ಭರಣಿ ಬ್ಯಾಡಜ್ಜಿ. ಪ್ಲಾಸ್ಟಿಕ್ ಡಬ್ಬಿಗೆ ಹಾಕ್ತೀನಿ. ರಸ ಒಂದಿಷ್ಟು ಚೆಲ್ಲಲಾ?”

“ರಸ ಚೆಲ್ಲಿರೆ ಮಿಡಿ ಮೆತ್ತಗಾಗ್ತದೆ. ನಿನ್ನ ಹೆಂಡ್ರು ಹೇಳಿಕೊಡ್ಲಿಲ್ಲನಾ ಇದ್ನ?”

ರಸ ಚೆಲ್ಲಲಿಲ್ಲ. ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಮುಚ್ಚಳ ತಿರುಗಿಸಿ, ಸುತ್ತ ಟೇಪು ಸುತ್ತಿ, ಎರಡು ಕವರಿನೊಳಗೆ ಕಟ್ಟಿದರು. ತೂಗಿದರು. ಮೂರಕ್ಕೆ ಚೂರು ಕಡಿಮೆ. ಅಜ್ಜಿ ನಮ್ಮ ಪಡಸಾಲೆಯಲ್ಲಿ ಮಲಗಿದಳು.

ನಡುರಾತ್ರಿಯ ಹೊತ್ತಿಗೆ ನಾನು ಸೂಜಿದಾರ ಹಿಡಿದು ಕೆಳಗಿದ್ದೆ. ಮಂಗಳೂರಿಗೆ ಕರೆದೊಯ್ಯುವ ಗಾಡಿ ಬೆಳಗಿನ ಜಾವಕ್ಕೆ ಬರುವುದಿತ್ತು. ಮಗಳು ಒಳಗೆ ಮಲಗಿದ್ದಳು. ನೆಲದ ಮೇಲೆ ಹಾಸಿದ ಸೀರೆಯಲ್ಲಿ ಎಲ್ಲ ಹರಡಿತ್ತು. ಅವರ ಬ್ಯಾಗು ಚಕ್ರವಿಲ್ಲದ ದಪ್ಪ ಬಟ್ಟೆಯ ಜಿಪ್ಪು ಬ್ಯಾಗು. ಚಕ್ರದ ಸೂಟ್‌ಕೇಸು ಖಾಲಿ ಇದ್ದಾಗಲೇ ನಾಲ್ಕು ಕೆಜಿ ತಿನ್ನುತ್ತದೆ, ಇದು ಒಂದರೊಳಗೆ. ತಳಕ್ಕೆ ರಟ್ಟು ಕೊಟ್ಟಿದ್ದರು. ಒಂದು ಮಗ್ಗುಲಾದರೂ ಚಪ್ಪಟೆ ಇಲ್ಲದಿದ್ದರೆ, ಹಗ್ಗ ಬಿಗಿದ ಉಂಡೆ ಗಂಟಾಗಿದ್ದರೆ ಅಲ್ಲಿಯ ಬೆಲ್ಟಿನ ಮೇಲೆ ಉರುಳಿ ಸಿಕ್ಕಿಕೊಳ್ಳುತ್ತದೆಂದು ತೆಗೆದುಕೊಳ್ಳುವುದಿಲ್ಲ. ಹಿಡಿಗೆ ಹೆಂಡತಿ ತನ್ನ ಹಳೆಯ ಹಸಿರು ಸೀರೆಯ ಅಂಚು ಕಟ್ಟಿದ್ದಳು. ಸಾವಿರ ಬ್ಯಾಗಿನ ನಡುವೆ ಗುರುತಿಗೆ.

ಎಲ್ಲ ತುಂಬಿ ಮೊದಲ ಸಲ ನೇತುಹಾಕಿದಾಗ ಮುಳ್ಳು ಮೂವತ್ತನ್ನು ದಾಟಿ ನಡುಗುತ್ತಾ ನಿಂತಿತು. ಇಳಿಸಿದರು. ಹತ್ತೊಂಬತ್ತಕ್ಕೆ ತರಬೇಕು ಎಂದರು. ಒಂದು ಕೆಜಿ ಕೈಯಲ್ಲಿಟ್ಟುಕೊಳ್ಳಬೇಕು, ನಿಲ್ದಾಣದ ಕಾಟಾ ನಮ್ಮ ತಕ್ಕಡಿಯ ಮಾತು ಕೇಳುವುದಿಲ್ಲ.

ಒಂದೊಂದನ್ನೇ ಕೊಕ್ಕೆಗೆ ಹಾಕುವರು. ಬಿಡಿ ಸಾಮಾನಾದರೆ ಬಟ್ಟೆಯ ಚೀಲದಲ್ಲಿಟ್ಟು, ಚೀಲದ ತೂಕ ಕಳೆಯುವರು. ಮುಳ್ಳು ನಿಂತ ಮೇಲೆ ಒಂದು ಕ್ಷಣ ಸಾಮಾನನ್ನು ನೋಡುವರು, ಆಮೇಲೆ ಎಡಕ್ಕೋ ಬಲಕ್ಕೋ ಇಡುವರು. ಎಡ ಅಂದರೆ ಉಳಿಯುವುದು. ತಮ್ಮ ಅಕ್ಕಿ ಎಡಕ್ಕೆ. ಎರಡನೆಯ ಜೊತೆ ಪ್ಯಾಂಟು ಎಡಕ್ಕೆ. ಹೆಂಡತಿ ಹುರಿದು ಕುಟ್ಟಿದ ಸಾರಿನ ಪುಡಿ ಒಂದೂಕಾಲು ಕೆಜಿ. ಅದನ್ನು ಕೈಯಲ್ಲಿ ಹಿಡಿದು, ಮೂಸಿ, ಒಂದು ಹಿಡಿಯಷ್ಟು ಬೇರೆ ಕವರಿಗೆ ಸುರಿದುಕೊಂಡು, ಉಳಿದದ್ದು ಎಡಕ್ಕೆ. ಕಬ್ಬಿಣದ ಮೂತಿಯ ಕೆಲಸದ ಬೂಟು ಕಾಲಿಗೇ ಹಾಕಿಕೊಂಡು ಹೋಗುವುದು. ಕಾಲಿನಲ್ಲಿರುವುದನ್ನು ಯಾರೂ ತೂಗುವುದಿಲ್ಲ. ಪವರ್ ಬ್ಯಾಂಕ್ ದೊಡ್ಡ ಬ್ಯಾಗಿಗೆ ಹಾಕುವಂತಿಲ್ಲ, ಬೆಂಕಿಯ ಭಯ. ಅದೂ ಕಾಗದಪತ್ರವೂ ಕೈಚೀಲಕ್ಕೆ. ಕೈಚೀಲಕ್ಕೂ ಏಳು ಕೆಜಿಯ ಮಿತಿ, ಮೂರು ಮನೆಯ ರೊಟ್ಟಿ ಉಂಡೆಗಳಿಂದ ಅದು ಆಗಲೇ ತುಂಬಿತ್ತು.

ಮಾತ್ರೆಗಳ ಡಬ್ಬಿ ಹರಿದು ಬರೀ ಹಾಳೆಗಳನ್ನು ಇಟ್ಟುಕೊಳ್ಳಲು ಹೊರಟಾಗ ನಾನು ತಡೆದೆ. “ಡಬ್ಬಿ ಇರಲಿ. ಡಾಕ್ಟರ ಚೀಟಿಯಲ್ಲಿರೋ ಹೆಸರೂ ಡಬ್ಬಿಯ ಹೆಸರೂ ಒಂದೇ ಅಂತ ತೋರಿಸಬೇಕಾಗುತ್ತೆ.”

“ರಟ್ಟು ಎಷ್ಟು ತೂಗೀತು, ಇರ್ಲಿ ಬಿಡ್ರಿ,” ಎಂದು ಒಪ್ಪಿದರು.

ಮತ್ತೆ ನೇತುಹಾಕಿದಾಗ ಇಪ್ಪತ್ತೊಂದೂವರೆ. ಹೆಂಡತಿ ಅಷ್ಟು ಹೊತ್ತೂ ಗೋಡೆಗೆ ಒರಗಿ ಕೂತಿದ್ದವಳು ಎಡಗಡೆಯ ರಾಶಿಯನ್ನೇ ನೋಡುತ್ತಿದ್ದಳು.

“ನಿಮ್ಮದು ಅಂತ ಏನಾದ್ರೂ ಉಳೀತೇನು ಅದರಾಗೆ?”

“ಚೀಲ ನಂದಲ್ಲೇನೇ?”

“ಕಂಬಳಿ?”

ಕಂಬಳಿ ಬ್ಯಾಗಿನ ತಳದಲ್ಲಿತ್ತು. ಅವಳೇ ಎಲ್ಲಕ್ಕಿಂತ ಮೊದಲು ಇಟ್ಟಿದ್ದಳು. ಅವರು ಎಲ್ಲ ಹೊರಗೆ ತೆಗೆದು, ಅದನ್ನು ಎಳೆದು, ಮಡಿಕೆ ಕೆಡದಂತೆ ಕೊಕ್ಕೆಗೆ ತೂಗಿದರು. ಎರಡೂವರೆ. ಲೆಕ್ಕ ಮೂವರಿಗೂ ಅಲ್ಲೇ ಗೊತ್ತಾಯಿತು. ಕಂಬಳಿ ಹೊರಗಿದ್ದರೆ ಹತ್ತೊಂಬತ್ತು. ಇಲ್ಲವೇ ಉಪ್ಪಿನಕಾಯಿ ಹೊರಗಿರಬೇಕು.

“ಉಪ್ಪಿನಕಾಯಿ ತೆಗೀರಿ,” ಎಂದಳು ಅವಳು. ದನಿ ಎತ್ತಲಿಲ್ಲ.

“ಅಜ್ಜಿ ಸೊರಬದಿಂದ ಹೊತ್ಕೊಂಡು ಬಂದಾಳೆ.”

“ಬೆಳಿಗ್ಗೆ ನಾನೇ ಹೇಳ್ತೀನಿ ಅಜ್ಜಿಗೆ. ಬೈಸ್ಕೊಂತೀನಿ.”

“ಹುಡುಗನಿಗೆ ಫೋನ್ ಮಾಡಿ ಹೇಳಿಬಿಟ್ಟೀನಲ್ಲೇ. ನಿಂಗೊತ್ತಿಲ್ಲ, ಅಲ್ಲಿ ಒಂದು ಗಂಟು ಬಿಚ್ಚಿದ್ರೆ ಕೋಣೆ ಮಂದಿ ಎಲ್ಲ ಬಂದು ಕೂರ್ತಾರೆ. ಯಾರ ಮನೇದು ಅಂತನೂ ಕೇಳಲ್ಲ. ಹೋದ ಸಲ ಒಬ್ಬ ಖಾಲಿ ಡಬ್ಬಿ ತೊಳೀಲಿಲ್ಲ. ಮುಚ್ಚಿ ದಿಂಬಿನ ಹತ್ರ ಇಟ್ಕಂಡಿದ್ದ.”

ಅವಳು ಕಂಬಳಿಯನ್ನು ತೊಡೆಯ ಮೇಲೆ ಎಳೆದುಕೊಂಡು, “ಹಂಗಾರೆ ಹೆಗಲ ಮ್ಯಾಲೆ ಹಾಕ್ಕೊಂಡು ಹೋಗ್ರಿ. ಬೂಟು ತೂಗಲ್ಲ ಅಂದ್ರೆ ಹೆಗಲ ಕಂಬಳಿನೂ ತೂಗಲ್ಲ. ನಿಮ್ಮಪ್ಪ ಹಾಕ್ಕೊಂತಿರಲಿಲ್ಲೇನು?”

ಅವರು ನಕ್ಕರು, ಬಾಯಿಗೆ ಅಂಗೈ ಅಡ್ಡ ಹಿಡಿದು. ಮೊದಲ ಸಲ ಹೋಗುವಾಗ ಹಾಗೇ ಹೋಗಿದ್ದರಂತೆ. ಸಾಲಿನಲ್ಲಿ ಹಿಂದೆ ನಿಂತವರು ‘ಕುರಿ ಎಲ್ಲಿ ಬಿಟ್ಟು ಬಂದೆ’ ಎಂದು ಕೇಳಿ ನಕ್ಕಿದ್ದರು. ಅಲ್ಲಿ ಇಳಿದ ಮೇಲೆ ಅಧಿಕಾರಿಯೊಬ್ಬ ಎರಡು ಬೆರಳಿನಲ್ಲಿ ಕಂಬಳಿಯ ತುದಿ ಹಿಡಿದು, ಮೂಗು ಮುಚ್ಚಿಕೊಂಡು, ಎಲ್ಲರ ಎದುರು ಬಿಡಿಸಿ ಕೊಡವಿದ್ದನಂತೆ. “ನಾ ಅಲ್ಲೇ ನಿಂತಿದ್ದೆ. ಎಲ್ರೂ ನಗ್ತಿದ್ರು,” ಎಂದರು. ಆಗ ಮಾತ್ರ ಅವರ ಮುಖದಲ್ಲಿ ನಗು ಇರಲಿಲ್ಲ.

“ನಕ್ಕರೆ ನಗ್ಲಿ,” ಎಂದಳು. “ಅಲ್ಲಿ ಏನಾದ್ರೂ...” ಎಂದು ಶುರುಮಾಡಿ ನಿಲ್ಲಿಸಿಬಿಟ್ಟಳು. ನನ್ನ ಸೂಜಿ ಬಟ್ಟೆಯಲ್ಲೇ ನಿಂತಿತು. ಅವರು ಎದ್ದು, ಅವಳ ತೊಡೆಯಿಂದ ಕಂಬಳಿ ತೆಗೆದು, ಕುರಿ ಕಾಯುವವರು ಹಾಕುವ ಹಾಗೆ ಎಡಹೆಗಲ ಮೇಲೆ ಹಾಕಿಕೊಂಡರು. “ಸರಿ ಏನು?” ಎಂದರು. ಅವಳು ತಲೆ ಆಡಿಸಿದಳು.

ಬ್ಯಾಗು ಮತ್ತೆ ತುಂಬಿದರು. ಉಪ್ಪಿನಕಾಯಿ ನಟ್ಟನಡುವೆ, ಸುತ್ತ ಬಟ್ಟೆ, ಎಣ್ಣೆಯ ಬಾಟಲಿ ಅಂಗಿಯ ತೋಳಿನೊಳಗೆ, ಪುಡಿಗಳು ಮೂಲೆಗೆ. ಕಡೆಯ ಸಲ ಕೊಂಡಿಗೆ ನೇತುಹಾಕಿದಾಗ ಮುಳ್ಳು ಹತ್ತೊಂಬತ್ತರ ಮೇಲೆ ಬಂದು ನಿಂತಿತು. ಮುಳ್ಳು ನೋಡಲು ಸ್ಟೂಲು ಹತ್ತಿದವರು ಇಳಿಯುವಾಗ ಗೋಡೆ ಹಿಡಿದುಕೊಂಡದ್ದನ್ನು ನಾನು ನೋಡಿದೆ. ಅವಳೂ ನೋಡಿದಳು.

ಗಾಡಿ ಬಂದಾಗ ಅವಳು ಹೊಸಿಲವರೆಗೆ ಬಂದು ಒಳಗೆ ಹೋದಳು. ಹೊರಟವರ ಬೆನ್ನು ನೋಡುತ್ತ ನಿಲ್ಲಬಾರದೆಂದು ಅವರಲ್ಲಿ ಇದೆ. ನಾನೂ ನಮ್ಮ ಮನೆಯವರೂ ಗೇಟಿನವರೆಗೆ ಹೋದೆವು. ಅವರು ಕೂತು, ಬಾಗಿಲು ಹಾಕಿಕೊಂಡು, ಮನೆಯ ಕಡೆ ಒಮ್ಮೆ ನೋಡಿದರು. ಹೆಗಲಿನಿಂದ ಕಂಬಳಿ ತೆಗೆದು, ಮಡಚಿ, ಕಿಟಕಿಯಿಂದ ನನ್ನ ಕೈಗೆ ಕೊಟ್ಟರು. ಅದರ ಮೇಲೆ ತಕ್ಕಡಿ ಇತ್ತು.

“ಬೆಳಿಗ್ಗೆ ಹೇಳ್ರಿ ಅಕ್ಕಾರೆ. ಈಗ ಬ್ಯಾಡ.” ಗಾಡಿ ಹೊರಟಾಗ, “ಕಂಬಳಿ ಇಲ್ಲಿದ್ರೆ ನಾ ಬರ್ಲೇಬೇಕಲ್ಲ, ಹಂಗಂತ ಹೇಳ್ರಿ,” ಎಂದರು.

ಬೆಳಿಗ್ಗೆ ಹೇಳಿದೆ. ಅವಳು ಅಳಲಿಲ್ಲ, ಕಂಬಳಿಯನ್ನು ಮುಟ್ಟಲೂ ಇಲ್ಲ. “ನಿಮ್ಮ ಹತ್ರನೇ ಇರ್ಲಿ ಅಕ್ಕಾರೆ. ನನ್ನ ಹತ್ರ ಇದ್ರೆ ಹೊದ್ಕೊಂಡು ಮಲಗಿಬಿಡ್ತೀನಿ. ಅವರು ಬಂದು ಹೊದ್ಕೊಳ್ಲಿ,” ಎಂದಳು. ಸಂಜೆ ಮಂಗಳೂರಿನಿಂದ ಅವರ ಫೋನು ಬಂತು. ಅಲ್ಲಿಯ ಕಾಟಾ ಹದಿನೆಂಟು ಮುಕ್ಕಾಲು ತೋರಿಸಿತಂತೆ. ಅವಳ ಸಾರಿನ ಪುಡಿಯೂ ಹಿಡಿಯುತ್ತಿತ್ತು ಎಂದು ಬೇಜಾರು ಮಾಡಿಕೊಂಡರು.

ಕಂಬಳಿಯನ್ನು ಉಗ್ರಾಣದ ಗೂಡಿನಲ್ಲಿಟ್ಟೆ. ಮಡಿಕೆಗಳ ನಡುವೆ ಒಣಗಿದ ಬೇವಿನೆಲೆ ಇಟ್ಟು, ಬಿಸಿಲು ಬಂದಾಗ ತಾರಸಿಯಲ್ಲಿ ಹರವುತ್ತಿದ್ದೆ. ಅವಳು ಕೆಳಗೆ ಬಟ್ಟೆ ಒಗೆಯುತ್ತಾ ತಲೆ ಎತ್ತಿ ನೋಡಿ, ಮತ್ತೆ ಒಗೆಯುವಳು.

ಅವರು ಹೋದದ್ದು ನಿದ್ದೆಯಲ್ಲಿ. ಕೆಲಸಕ್ಕೆ ಕರೆದೊಯ್ಯುವ ಬಸ್ಸು ಬಂದು ಹಾರನ್ ಮಾಡಿದಾಗ ಏಳಲಿಲ್ಲವಂತೆ. ಫೋನು ಮಾಡಿ ತಿಳಿಸಿದವನು ಸೊರಬದ ಅಜ್ಜಿಯ ಮೊಮ್ಮಗ. ಅಲ್ಲಿಯ ಪೊಲೀಸರ ಕಾಗದ, ಆಸ್ಪತ್ರೆಯ ಕಾಗದ, ನಮ್ಮ ರಾಯಭಾರ ಕಚೇರಿಯ ಕಾಗದ ಎಲ್ಲ ಮುಗಿಯುವವರೆಗೆ ಅವಳು ಗೋಡೆಗೊರಗಿ ಕೂತೇ ಇದ್ದಳು. ಹುಡುಗ ರಜೆ ಹಾಕಿ ಪೆಟ್ಟಿಗೆ ತಂದ ವಿಮಾನದಲ್ಲೇ ಜೊತೆಗೆ ಬಂದ. ಅವನ ಕೈಯಲ್ಲಿ ಹಸಿರು ಅಂಚು ಕಟ್ಟಿದ ಬ್ಯಾಗು ಮಾತ್ರ ಇತ್ತು. ನಿನ್ನ ಸಾಮಾನು ಎಲ್ಲಿ ಎಂದು ಅಜ್ಜಿ ಕೇಳಿದಾಗ, “ಬಿಟ್ಟು ಬಂದೆ,” ಎಂದ.

ಹೂಳುವುದು ತಾಳಗುಂದದ ಹತ್ತಿರ ಅವರ ಹೊಲದಲ್ಲಿ. ಅದಕ್ಕೂ ಮೊದಲು ಪೆಟ್ಟಿಗೆಯನ್ನು ಕೆಳಗಿನ ಮನೆಯ ನಡುಕೋಣೆಯಲ್ಲಿ ಸ್ವಲ್ಪ ಹೊತ್ತು ಇಳಿಸಿದರು. ಪೆಟ್ಟಿಗೆಯ ಮಗ್ಗುಲಿಗೆ ಯಾರೋ ಕಪ್ಪು ಮಾರ್ಕರಿನಲ್ಲಿ ತೂಕ ಬರೆದಿದ್ದರು. ಎಷ್ಟೆಂದು ನಾನು ಓದಿದೆ, ಇಲ್ಲಿ ಬರೆಯಲಾರೆ. ಮುಖದ ಹತ್ತಿರದ ಹಲಗೆ ತೆಗೆದರು. ಬಾಯಿ ಸ್ವಲ್ಪ ತೆರೆದಿತ್ತು, ಮುರಿದ ಹಲ್ಲು ಕಾಣುತ್ತಿತ್ತು. ಅದನ್ನು ಮುಚ್ಚಿಕೊಳ್ಳುತ್ತಿದ್ದ ಕೈ ಹಲಗೆಯ ಒಳಗಿತ್ತು.

ಅವರ ಅಣ್ಣ ಸುತ್ತ ನೋಡಿ, “ಕಂಬಳಿ ತರ್ರಿ,” ಎಂದರು.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಮೇಲೆ ಹೋಗಿ ಗೂಡಿನಿಂದ ಕಂಬಳಿ ಇಳಿಸಿದೆ. ಬೇವಿನೆಲೆಗಳು ಕಾಲ ಮೇಲೆ ಉದುರಿದವು. ಮೆಟ್ಟಿಲಿಳಿಯುವಾಗ ಎರಡು ಸಲ ನಿಂತೆ.

ಅವಳು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಯಾರಿಗೂ ಹಿಡಿಯಲು ಬಿಡದೆ, ಒಬ್ಬಳೇ ಬಿಡಿಸಿದಳು. ಬಿಳಿ ಗೆರೆಯ ಅಂಚು ಗದ್ದದ ಕೆಳಗೆ ಬರುವ ಹಾಗೆ ಎಳೆದು ಸರಿಮಾಡಿದಳು. ಆಮೇಲೆ ಬಗ್ಗಿ, ಮನೆಯೊಳಗೆ ಮಾತಾಡುವಷ್ಟೇ ದನಿಯಲ್ಲಿ ಹೇಳಿದಳು:

“ಈಗ ಹೊದ್ಕೊಳ್ರಿ. ಇಲ್ಲಿ ಯಾರೂ ನಗಲ್ಲ.”